74–106 ಅಥವಾ 88–92: ಯಾವ ಆಯ್ಕೆ ಸರಿ?

ಪ್ರಶ್ನೆ (ವಿದ್ಯಾರ್ಥಿನಿ): ಸರ್, ಮಾದರಿ ಪತ್ರಿಕೆಯ ಪ್ರಶ್ನೆ ಇದು. 64 ಆರೋಗ್ಯವಂತರ ಫಾಸ್ಟಿಂಗ್ ಶುಗರ್, ಮೀನ್ 90, ಎಸ್‌ಡಿ 8, ನಾರ್ಮಲ್ ಡಿಸ್ಟ್ರಿಬ್ಯೂಷನ್. 95% ಕಾನ್ಫಿಡೆನ್ಸ್ ಇಂಟರ್ವಲ್ ಬಗ್ಗೆ ಯಾವುದು ಸರಿ? ಎ: 74ರಿಂದ 106. ಬಿ: 88ರಿಂದ 92, 95% ಜನರ ಶುಗರ್ ಇದರೊಳಗಿರುತ್ತದೆ. ಸಿ: 88ರಿಂದ 92, ಇಡೀ ಸಮೂಹದ ಮೀನ್ ಎಲ್ಲಿರಬಹುದು ಎಂಬ ಅಂದಾಜು. ನಾನು ಎ ಹಾಕಿದೆ, ತಪ್ಪಂತೆ. ಎರಡು ಎಸ್‌ಡಿ ಒಳಗೆ 95% ಅಲ್ವಾ?

ಸಹಪಾಠಿ: ಸುಲಭ. 64ರ ವರ್ಗಮೂಲ 8, ಎಸ್‌ಡಿ 8 ಅನ್ನು ಅದರಿಂದ ಭಾಗಿಸಿದರೆ 1. ಜನ ಜಾಸ್ತಿ ಆದಷ್ಟೂ ಎಸ್‌ಡಿ ಇಳಿಯುತ್ತದೆ, ಅದಕ್ಕೇ 90ರ ಆಚೆ ಈಚೆ 2. ಬಿ, ಸಿ ಎರಡೂ ಒಂದೇ ಅರ್ಥ.

ಬಯೋಸ್ಟ್ಯಾಟ್ ಪಾಠ ಮಾಡುವವರು: ಲೆಕ್ಕ ಸರಿ, ಮಾತು ತಪ್ಪು. ಇಳಿದದ್ದು ಎಸ್‌ಡಿ ಅಲ್ಲ, ಸ್ಟ್ಯಾಂಡರ್ಡ್ ಎರರ್. `SE = SD/√n`. 64ರ ಬದಲು 256 ಜನರನ್ನು ತೆಗೆದುಕೊಂಡರೂ ಎಸ್‌ಡಿ 8ರ ಆಸುಪಾಸಲ್ಲೇ ಇರುತ್ತದೆ, ಏಕೆಂದರೆ ನೀವು ಜಾಸ್ತಿ ಜನರ ರಕ್ತ ತೆಗೆದಿರೆಂದು ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಕಡಿಮೆಯಾಗುವುದಿಲ್ಲ. ಎರರ್ ಮಾತ್ರ 0.5ಕ್ಕೆ ಇಳಿದು ಇಂಟರ್ವಲ್ 89–91 ಆಗುತ್ತದೆ.

ಬಿ ಏಕೆ ತಪ್ಪು ಎಂದು ಎಣಿಸಿಯೇ ನೋಡಿ. 88ರಿಂದ 92 ಎಂದರೆ ಮೀನ್‌ನ ಎರಡೂ ಕಡೆ ಕಾಲು ಎಸ್‌ಡಿ ಅಷ್ಟೇ. ನಾರ್ಮಲ್ ಕರ್ವ್‌ನಲ್ಲಿ ಅಷ್ಟರೊಳಗೆ ಬೀಳುವವರು ಸುಮಾರು 20%. ನಿಮ್ಮ 64 ಜನರಲ್ಲಿ ಹನ್ನೆರಡೋ ಹದಿಮೂರೋ ಮಂದಿ! 95% ಜನ ಇರುವುದು 74–106ರಲ್ಲಿ. ಅದಕ್ಕೇ ಎ ಮೋಸದ ಆಯ್ಕೆ: ಅಂಕಿ ಸರಿಯಾಗಿಯೇ ಇದೆ, ಆದರೆ ಅದು ಬೇರೆ ಪ್ರಶ್ನೆಯ ಉತ್ತರ. ಆಯ್ಕೆಯಲ್ಲಿ ಜನರ ಮಾತು ಬಂದರೆ ಎಸ್‌ಡಿ, ಮೀನ್‌ನ ಮಾತು ಬಂದರೆ ಎರರ್. ಸಿ ಹಾಕಿ. (2ರ ಬದಲು 1.96 ಹಿಡಿದರೆ 88.04–91.96. ಆಯ್ಕೆಗಳ ನಡುವೆ ಅಷ್ಟು ಸಣ್ಣ ಅಂತರ ಇಡುವವರು ಕಡಿಮೆ.)

ಇನ್ನೊಬ್ಬ ಸದಸ್ಯರು: ನನ್ನ ಫಾಸ್ಟಿಂಗ್ 94 ಬಂದಿದೆ. 92 ದಾಟಿದೆ, ಡಾಕ್ಟರ್ ಹತ್ತಿರ ಹೋಗಬೇಕಾ?

ಬಯೋಸ್ಟ್ಯಾಟ್ ಪಾಠ ಮಾಡುವವರು: ಇದು ಪರೀಕ್ಷೆಯ ಲೆಕ್ಕ, ಲ್ಯಾಬ್ ರಿಪೋರ್ಟ್ ಅಲ್ಲ. ಆದರೂ ನಿಮ್ಮ ಗಾಬರಿ ಬಿ ಆಯ್ಕೆಯ ತಪ್ಪೇ. 88–92 ಒಬ್ಬ ಮನುಷ್ಯನಿಗೆ ಹಿಡಿಯುವ ಅಳತೆ ಅಲ್ಲ. 74–106ರಿಂದಲೂ ರೋಗ ನಿರ್ಧಾರ ಮಾಡುವುದಿಲ್ಲ. ಫಾಸ್ಟಿಂಗ್ 126 ಮುಟ್ಟಿದರೆ ಡಯಾಬಿಟಿಸ್ ಎನ್ನುವ ಗೆರೆ ಎರಡು ಎಸ್‌ಡಿ ಕೂಡಿಸಿ ಬಂದದ್ದಲ್ಲ. ಯಾವ ಮಟ್ಟದಿಂದ ಕಣ್ಣಿನ ರೆಟಿನಾ ಹಾಳಾಗುವುದು ಜಾಸ್ತಿಯಾಗುತ್ತದೆ ಎಂದು ನೋಡಿ ಹಾಕಿದ್ದು.

ಪಿ.ಜಿ. ವಿದ್ಯಾರ್ಥಿ: ನನ್ನ ಥೀಸಿಸ್‌ನಲ್ಲಿ ರೋಗಿಗಳು ಆಸ್ಪತ್ರೆಯಲ್ಲಿ ಉಳಿದ ದಿನಗಳು: 64 ಜನ, ಮೀನ್ 6, ಎಸ್‌ಡಿ 5. ಎರಡು ಎಸ್‌ಡಿ ಕಳೆದರೆ ಮೈನಸ್ 4 ದಿನ! ಗೈಡ್ ಸುಮ್ನೆ ನಕ್ಕರು, ಏನೂ ಹೇಳಲಿಲ್ಲ.

ಬಯೋಸ್ಟ್ಯಾಟ್ ಪಾಠ ಮಾಡುವವರು: ನಿಮ್ಮ ಡೇಟಾ ನಾರ್ಮಲ್ ಅಲ್ಲ, ಆ ಮೈನಸ್ ಅದನ್ನೇ ಹೇಳುತ್ತಿದೆ. ಬಹುಪಾಲು ಜನ ಮೂರು ನಾಲ್ಕು ದಿನಕ್ಕೆ ಮನೆಗೆ ಹೋಗಿರುತ್ತಾರೆ, ಯಾರೋ ಕೆಲವರು ಇಪ್ಪತ್ತು ದಿನ ಉಳಿದು ಬಾಲವನ್ನು ಬಲಕ್ಕೆ ಎಳೆದಿರುತ್ತಾರೆ. ಜನರ ಹರಡುವಿಕೆ ಹೇಳಲು ಮೀಡಿಯನ್ ಮತ್ತು ಕ್ವಾರ್ಟೈಲ್ ಕೊಡಿ. ಮೀನ್‌ನ ಇಂಟರ್ವಲ್ ಮಾತ್ರ ಅಷ್ಟು ಕೆಡುವುದಿಲ್ಲ: ಎರರ್ 0.625, ಸುಮಾರು 4.75ರಿಂದ 7.25 ದಿನ. 64 ಜನರ ಸರಾಸರಿಗಳು, ಮೂಲ ಡೇಟಾ ವಾಲಿದ್ದರೂ, ಹೆಚ್ಚುಕಡಿಮೆ ನಾರ್ಮಲ್ ಆಗಿಯೇ ನಡೆದುಕೊಳ್ಳುತ್ತವೆ. ಹತ್ತೇ ರೋಗಿಗಳಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ.

ವಿದ್ಯಾರ್ಥಿನಿ: ಸರ್, ಇನ್ನೊಂದು ಪತ್ರಿಕೆಯಲ್ಲಿ "ನಿಜವಾದ ಮೀನ್ 88–92ರೊಳಗೆ ಇರುವ ಸಂಭವ 95%" ಅಂತ ಆಯ್ಕೆ ಇದೆ. ಅದೂ ಸರೀನಾ?

ಬಯೋಸ್ಟ್ಯಾಟ್ ಪಾಠ ಮಾಡುವವರು: ಕಟ್ಟುನಿಟ್ಟಾಗಿ ಅಲ್ಲ. ನಿಜವಾದ ಮೀನ್ ಒಂದೇ ಜಾಗದಲ್ಲಿದೆ, ಅಲುಗಾಡುವುದು ನಮ್ಮ ಇಂಟರ್ವಲ್. ಇದೇ ಅಧ್ಯಯನವನ್ನು ನೂರು ಸಲ ಮಾಡಿದರೆ ನೂರು ಬೇರೆ ಬೇರೆ ಇಂಟರ್ವಲ್ ಸಿಗುತ್ತವೆ, ಸುಮಾರು 95ರಲ್ಲಿ ಮೀನ್ ಸಿಕ್ಕಿಬೀಳುತ್ತದೆ. ಈ ಒಂದು 88–92 ಅದನ್ನು ಹಿಡಿದಿದೆಯೋ ಬಿಟ್ಟಿದೆಯೋ ನಮಗೆ ಗೊತ್ತಾಗುವುದಿಲ್ಲ.

ಸಹಪಾಠಿ: ಆದರೆ ಎಷ್ಟೋ ಕೀಗಳಲ್ಲಿ ಅದನ್ನೇ ಸರಿ ಅಂತ ಕೊಡುತ್ತಾರೆ ಸರ್.

ಬಯೋಸ್ಟ್ಯಾಟ್ ಪಾಠ ಮಾಡುವವರು: ಕೊಡುತ್ತಾರೆ, ನಾನೂ ನೋಡಿದ್ದೇನೆ. ಪಕ್ಕದಲ್ಲಿ "ಮತ್ತೆ ಮತ್ತೆ ಸ್ಯಾಂಪಲ್ ತೆಗೆದರೆ" ಎನ್ನುವ ಆಯ್ಕೆ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ, ಉಳಿದವೆಲ್ಲ ಜನರ ಬಗ್ಗೆ ಇದ್ದರೆ, ಹಲ್ಲು ಕಚ್ಚಿ ಇದನ್ನೇ ಹಾಕಬೇಕಾಗುತ್ತದೆ.

ಪಿ.ಜಿ. ವಿದ್ಯಾರ್ಥಿ: ನಾನು ಹಾಕಲ್ಲ. ತಪ್ಪು ಅಂದ್ರೆ ತಪ್ಪೇ, ಕೀ ವಿರುದ್ಧ ಆಕ್ಷೇಪಣೆ ಹಾಕ್ತೀನಿ.