ತಾಳಮದ್ದಳೆ ರೆಕಾರ್ಡಿಂಗ್: ಎರಡೂ -1 dB, ಆದರೂ ಒಬ್ಬರ ಮಾತು ಸಪ್ಪೆ

ಶಿರಸಿ_ತಾಳ: ನಮ್ಮೂರ ತಾಳಮದ್ದಳೆಯಲ್ಲಿ ಕರ್ಣ, ಕೃಷ್ಣ ಇಬ್ಬರಿಗೂ ಬೇರೆ ಬೇರೆ ಮೈಕ್ ಇಟ್ಟಿದ್ದೆ. Audacityಯಲ್ಲಿ Normalize ಕೊಟ್ಟು ಎರಡೂ ಫೈಲನ್ನು -1 dBಗೆ ತಂದೆ. ಆದರೂ ಕೃಷ್ಣ ಮಾತಾಡುವಾಗ ವಾಲ್ಯೂಮ್ ಏರಿಸಬೇಕು, ಕರ್ಣ ಬಂದ ಕೂಡಲೇ ಇಳಿಸಬೇಕು. ಯಾಕೆ?

ಕುಮಟಾ_ಮೈಕ್: ಕೃಷ್ಣನಿಗೆ 6 dB ಸೇರಿಸಿ. 6 ಅಂದ್ರೆ ಡಬಲ್.

ಅಂಕೋಲಾ_ಗಾಳಿ: ನಮ್ಮ ಜಾತ್ರೆಯ ಸ್ಪೀಕರ್ ಎದುರು ಮೊಬೈಲ್ ಆ್ಯಪ್ 90 dB ತೋರಿಸಿತು. ನಿಮ್ಮದು ಮೈನಸ್ ಹೇಗೆ? ಮೈಕ್ ಕೆಟ್ಟಿರಬೇಕು.

ಕಾಳಿ_ತೀರ: ಮೈಕ್ ಸರಿಯಿದೆ. ಆ್ಯಪ್ ಅಳೆಯುವುದು ಗಾಳಿಯಲ್ಲಿನ ಸದ್ದನ್ನು. ಫೈಲಿನಲ್ಲಿ ಸೊನ್ನೆಯೇ ಗರಿಷ್ಠ, ಉಳಿದದ್ದೆಲ್ಲ ಅದಕ್ಕಿಂತ ಕೆಳಗೆ.

ಶಿರಸಿಯವರೇ, Normalize ನೋಡುವುದು ಅತಿ ಎತ್ತರದ ಒಂದು ಕ್ಷಣವನ್ನು ಮಾತ್ರ. ಕೃಷ್ಣನ ಫೈಲಿನಲ್ಲಿ ಆ ಕ್ಷಣ ಚೆಂಡೆಯ ಪೆಟ್ಟೇ ಇರಬಹುದು. ಮಾತಿನ ಭಾಗವನ್ನಷ್ಟೇ ಕತ್ತರಿಸಿ ಇದನ್ನು ಓಡಿಸಿ, ಕೊನೆಯ I ಸಾಲು ನೋಡಿ, ಅದೇ ಒಟ್ಟಾರೆ ಜೋರಿನ ಲೆಕ್ಕ:

```
ffmpeg -i krishna.wav -af ebur128 -f null -
```

ಇದು ಕಿವಿಗೆ ಹೆಚ್ಚು ನಾಟುವ ಸ್ವರಗಳಿಗೆ ಹೆಚ್ಚು ತೂಕ ಕೊಡುತ್ತದೆ, ಮಾತಿನ ನಡುವಿನ ಮೌನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶಿರಸಿ_ತಾಳ: ಕರ್ಣ -17, ಕೃಷ್ಣ -24. ಕೊನೆಯಲ್ಲಿ ಚೆಂಡೆಯ ಪೆಟ್ಟು ಇದ್ದದ್ದೂ ಹೌದು.

ಕಾಳಿ_ತೀರ: 7 dB ವ್ಯತ್ಯಾಸ. ಶಕ್ತಿಯಲ್ಲಿ ಐದು ಪಟ್ಟು, ಆದರೆ ಕಿವಿಗೆ ಸುಮಾರು ಒಂದೂವರೆ ಪಟ್ಟು ಅಷ್ಟೆ. ಕುಮಟಾದವರ 6 dBಗೆ ಅಲೆಯ ಎತ್ತರ ಡಬಲ್ ಆಗುವುದು ನಿಜ. ಕಿವಿಗೆ ಡಬಲ್ ಅನ್ನಿಸಲು ಸರಿಸುಮಾರು 10 dB ಬೇಕು. ಈಗಲೇ 7 ಏರಿಸಿದರೆ ಚೆಂಡೆ +6ಕ್ಕೆ ಹೋಗಿ ಒಡೆಯುತ್ತದೆ. ಮೊದಲು ಆ ಪೆಟ್ಟನ್ನಷ್ಟೇ ಆಯ್ದು Amplifyಯಲ್ಲಿ -10 ಕೊಡಿ, ಆಮೇಲೆ ಇಡೀ ಫೈಲಿಗೆ +7.

ಶಿರಸಿ_ತಾಳ: ಮಾಡಿದೆ. ಈಗ ವಾಲ್ಯೂಮ್ ಮುಟ್ಟಬೇಕಿಲ್ಲ. ಆದರೆ ಕರ್ಣ ಗುಡುಗಿದ ಹಾಗೆ, ಕೃಷ್ಣ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ ಹಾಗೆ.

ಕಾಳಿ_ತೀರ: ಅದು dB ಏರಿಸಿ ಹೋಗುವಂಥದ್ದಲ್ಲ. ಗಂಟಲು ಬಿಟ್ಟು ಹೇಳುವಾಗ ಒಟ್ಟು ಸದ್ದು ಮಾತ್ರ ಏರುವುದಿಲ್ಲ. ಕೆಳಸ್ವರಕ್ಕಿಂತ ಮೇಲಿನ 2–4 ಕಿಲೋಹರ್ಟ್ಸ್ ಭಾಗ ಜಾಸ್ತಿ ಏರುತ್ತದೆ. ಕೇಳುವವರು ಆ ಬಣ್ಣದಿಂದಲೇ "ಜೋರಾಗಿ ಹೇಳಿದ್ದಾರೆ" ಎಂದು ಹಿಡಿಯುತ್ತಾರೆ. ಅದಕ್ಕೇ ರೇಡಿಯೊ ಎಷ್ಟೇ ಇಳಿಸಿದರೂ ಕೂಗು ಕೂಗೇ ಅನ್ನಿಸುತ್ತದೆ. Filter Curve EQನಲ್ಲಿ ಆ ಭಾಗಕ್ಕೆ 3 dB ಕೊಟ್ಟು ನೋಡಿ, ಆಮೇಲೆ ಮತ್ತೆ ಅಳೆದು ಸಮ ಮಾಡಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಸ, ಶ ಚುಚ್ಚುತ್ತವೆ.

ಕುಮಟಾ_ಮೈಕ್: ಕೃಷ್ಣ ಮೆಲ್ಲಗೆ ಹೇಳಿದ್ದು ಪಾತ್ರಕ್ಕೆ ತಕ್ಕ ಹಾಗೇ ಅಲ್ವಾ? ಸಂಧಾನಕ್ಕೆ ಬಂದವ ಗುಡುಗಬೇಕಾ? ನಾನಾದರೆ EQ ಮುಟ್ಟುವುದಿಲ್ಲ.

ಶಿರಸಿ_ತಾಳ: 3 ಕೊಟ್ಟೆ, ಮಾತು ಮುಂದೆ ಬಂತು, ಜೊತೆಗೆ ಫ್ಯಾನಿನ ಸುಯ್ ಕೂಡ ಬಂತು. ಎರಡು ಪ್ರತಿ ಮಾಡಿ ಭಾಗವತರಿಗೆ ಕಳಿಸಿದ್ದೇನೆ, ಯಾವುದು ಬೇಕೋ ಅವರೇ ಹೇಳಲಿ.