ಅಜ್ಜಿಯ ಕ್ಯಾಸೆಟ್‌ಗಳು: ಎಂಪಿ3 ಸಾಕೇ, ಫ್ಲ್ಯಾಕ್ ಬೇಕೇ?

ಶಶಿಕಲಾ: ನಮ್ಮಜ್ಜಿ ಹಾಡಿದ ಸೋಬಾನೆ ಪದ, ಮಧ್ಯೆ ಮಧ್ಯೆ ಮನೆಯವರ ಮಾತು, ಎಲ್ಲ 12 ಸಿ-60 ಕ್ಯಾಸೆಟ್‌ಗಳಲ್ಲಿವೆ. ಡೆಕ್‌ನಿಂದ ಕಂಪ್ಯೂಟರಿಗೆ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕೆಂದರೆ ಯಾವ ಫಾರ್ಮ್ಯಾಟ್‌ನಲ್ಲಿಡಲಿ?

ಮಂಜುನಾಥ್: ಹಳೇ ಕ್ಯಾಸೆಟ್, ಅದರಲ್ಲೂ ಬರೀ ದನಿ. 128 ಕೆಬಿಪಿಎಸ್‌ನ ಎಂಪಿ3 ಧಾರಾಳ ಸಾಕು ಮೇಡಂ, ಕೇಳೋರಿಗೆ ವ್ಯತ್ಯಾಸ ಗೊತ್ತಾಗಲ್ಲ. ಪೇಟೆಂಟ್ ಗೊಡವೆಯೂ 2017ಕ್ಕೇ ಮುಗಿದಿದೆ, ಎಂಪಿ3 ಎಲ್ಲೂ ಹೋಗಲ್ಲ.

ರಾಘವೇಂದ್ರ (ಸೌಂಡ್ ಎಂಜಿನಿಯರ್): ಕೇಳುವುದಕ್ಕೆ ಸಾಕು, ಒಪ್ಪುತ್ತೇನೆ. ನೆಂಟರಿಗೆ ಕಳಿಸಲು ಅದನ್ನೇ ಮಾಡಿ. ಮೂಲಪ್ರತಿಗೆ ಮಾತ್ರ ಬೇಡ, ಅದಕ್ಕೆ ದನಿಯಲ್ಲಿ ಏನನ್ನೂ ಕಳೆಯದೆ ಫೈಲ್ ಕುಗ್ಗಿಸುವ ಫ್ಲ್ಯಾಕ್ ಇರಲಿ.

ಕ್ಯಾಸೆಟ್‌ನಲ್ಲಿ ದನಿಯ ಹಿಂದೆ ಒಂದೇ ಸಮನೆ ಹಿಸ್ ಇರುತ್ತದೆ. ಅದನ್ನು ತೆಗೆಯುವ ಸಾಫ್ಟ್‌ವೇರ್‌ಗೆ ಯಾರೂ ಮಾತಾಡದ ಒಂದೆರಡು ಸೆಕೆಂಡು ತೋರಿಸುತ್ತೇವೆ, ಅದೇ ಹಿಸ್ ಉದ್ದಕ್ಕೂ ಇದೆ ಎಂದುಕೊಂಡು ಅದು ಕಳೆಯುತ್ತಾ ಹೋಗುತ್ತದೆ. ಎಂಪಿ3ಯಲ್ಲಿ ಆ ಲೆಕ್ಕ ತಪ್ಪುತ್ತದೆ. ಅಜ್ಜಿಯ ದನಿ ಜೋರಾದ ಕಡೆ ಅದರಡಿ ಮುಚ್ಚಿಹೋಗುವ ಸದ್ದು ಹೇಗೂ ಕೇಳದು ಎಂದು ಎನ್‌ಕೋಡರ್ ಅದನ್ನು ಒರಟಾಗಿ ಬರೆಯುತ್ತದೆ, ಇಲ್ಲವೇ ಬಿಟ್ಟೇಬಿಡುತ್ತದೆ. ಹೀಗೆ ಹಿಸ್ ಕ್ಷಣಕ್ಕೊಂದು ಬಗೆಯಾಗುತ್ತದೆ. ಆಮೇಲೆ ತೆಗೆಯಲು ಹೋದರೆ ದನಿಯ ಸುತ್ತ ಗುಳುಗುಳು ಸದ್ದು ಉಳಿಯುತ್ತದೆ. ಸ, ಶ ಬರುವಲ್ಲಿ ಮೊದಲು ಗೊತ್ತಾಗುತ್ತದೆ. ಶುಚಿ ಮಾಡಿದ್ದನ್ನು ಪುನಃ ಎಂಪಿ3 ಮಾಡಿದರೆ ಇನ್ನೊಂದು ಸುತ್ತು ನಷ್ಟ. ಹಿಸ್ ತೆಗೆಯುವ ಉಪಾಯಗಳು ಮುಂದೆ ಇನ್ನೂ ಚೆನ್ನಾಗುತ್ತವೆ, ಆಗ ಬೇಕಾಗುವುದು ಹಿಸ್ ಸಮೇತ ಇರುವ ಪೂರ್ತಿ ಪ್ರತಿ.

ಜಾಗದ ಚಿಂತೆ ಬೇಡ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋದಲ್ಲಿ ಗಂಟೆಗೆ 1 ಜಿಬಿ ಚಿಲ್ಲರೆ. ನಿಮ್ಮ 12 ಗಂಟೆಗೆ, ಏನನ್ನೂ ಕುಗ್ಗಿಸದೆ ಇಡುವ ವೇವ್ ಸುಮಾರು 12.5 ಜಿಬಿ, ಫ್ಲ್ಯಾಕ್ ಅದಕ್ಕಿಂತ ಕಡಿಮೆ. ಹಿಸ್ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲವಾದ್ದರಿಂದ ಅರ್ಧಕ್ಕಿಳಿಯುವ ಆಸೆ ಇಟ್ಟುಕೊಳ್ಳಬೇಡಿ. 128ರ ಎಂಪಿ3 ಆದರೆ 700 ಎಂಬಿ ಒಳಗೆ. ಆದರೂ ಎಲ್ಲವೂ 32 ಜಿಬಿ ಪೆನ್‌ಡ್ರೈವ್‌ನಲ್ಲಿ ಕೂರುತ್ತದೆ.

ಅತಿ ಜೋರಿನ ಸದ್ದು −6 ಡಿಬಿ ಹತ್ತಿರ ನಿಲ್ಲುವಂತೆ ಲೆವೆಲ್ ಇಡಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಯಾವ ಫಾರ್ಮ್ಯಾಟೂ ಸರಿಮಾಡದು. ಎಕ್ಸ್‌ಪೋರ್ಟ್ ಮಾಡುವಾಗ ಫ್ಲ್ಯಾಕ್ ಆರಿಸಿ, ಬಿಟ್ ಡೆಪ್ತ್ 24 ಎಂದಿದೆಯೇ ನೋಡಿ; 16ರಲ್ಲೇ ಬಿಟ್ಟಿರುವುದುಂಟು. ಪ್ರತಿ ಮಗ್ಗುಲಿಗೆ ಒಂದು ಫೈಲ್ ಮಾಡಿ, ಹೀಗೆ ಪರೀಕ್ಷಿಸಿ:

```
flac -t ajji-01-A.flac
```

`ok` ಬಂದರೆ ಫೈಲ್ ಸರಿಯಿದೆ. ಫ್ಲ್ಯಾಕ್ ತನ್ನೊಳಗೇ ಆಡಿಯೋದ ತಾಳೆ ಸಂಖ್ಯೆ ಇಟ್ಟುಕೊಂಡಿರುತ್ತದೆ. ಹತ್ತು ವರ್ಷದ ಮೇಲೆ ಡಿಸ್ಕ್ ಹಾಳಾಗತೊಡಗಿದರೆ ಇದೇ ಕಮಾಂಡ್ ಹೇಳುತ್ತದೆ, ಇನ್ನೊಂದು ಡಿಸ್ಕಿನಿಂದ ಒಳ್ಳೆಯ ಪ್ರತಿ ತಂದುಕೊಳ್ಳಬಹುದು. ಬರಿಯ ವೇವ್‌ನಲ್ಲಿ ಆ ಸುಳಿವಿಲ್ಲ.

ಗುರುಪ್ರಸಾದ್ (ದಾಖಲಾಗಾರ): ಸ್ವಲ್ಪ ತಡೀರಿ ಸರ್. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ತನ್ನ ಟಿಸಿ-04 ಮಾರ್ಗದರ್ಶಿಯಲ್ಲಿ ಹೇಳುವುದು ವೇವ್ ಬಗ್ಗೆಯೇ, 48 ಕಿಲೋಹರ್ಟ್ಸ್, 24 ಬಿಟ್‌ಗೆ ಕಡಿಮೆಯಿಲ್ಲದಂತೆ. ವೇವ್‌ನಲ್ಲಿ ಆಡಿಯೋದ ಒಂದು ಬೈಟ್ ಕೆಟ್ಟರೆ ಹೆಚ್ಚೆಂದರೆ ಒಂದು ಟಿಕ್ ಕೇಳಿಸೀತು. ಫ್ಲ್ಯಾಕ್‌ನಲ್ಲಾದರೆ ಆ ಇಡೀ ಫ್ರೇಮ್ ಹೋಗುತ್ತದೆ. ತಾಳೆ ನೋಡಲು `sha256sum` ಪಟ್ಟಿ ಬೇರೆ ಇಟ್ಟುಕೊಂಡರಾಯಿತು.

ರಾಘವೇಂದ್ರ: ಫ್ರೇಮ್ ಎಂದರೆ ಸಾಮಾನ್ಯವಾಗಿ 4096 ಸ್ಯಾಂಪಲ್, ಸೆಕೆಂಡಿನ ಹನ್ನೆರಡನೇ ಒಂದು ಪಾಲು. ನಿಮ್ಮಲ್ಲಿ ಪಟ್ಟಿ ನೋಡಿಕೊಳ್ಳಲು ಸಿಬ್ಬಂದಿ ಇದ್ದಾರೆ. ಮನೆಯಲ್ಲಿ ಪಟ್ಟಿ ಒಂದು ಕಡೆ, ಫೈಲ್ ಒಂದು ಕಡೆ ಆಗುತ್ತದೆ, ಅದಕ್ಕೇ ನಾನು ಫ್ಲ್ಯಾಕ್ ಅನ್ನೋದು.

ಗುರುಪ್ರಸಾದ್: ನಾನಂತೂ ವೇವ್ ಪಕ್ಷವೇ.

ಫರ್ಜಾನಾ: ನಮ್ಮ ಅಬ್ಬಾ ಕಳಿಸಿದ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜುಗಳಿವೆ. ಅವನ್ನೂ ಫ್ಲ್ಯಾಕ್ ಮಾಡಿದರೆ ಕ್ವಾಲಿಟಿ ಬರುತ್ತಾ?

ರಾಘವೇಂದ್ರ: ಇಲ್ಲಮ್ಮ. ಅವು ಹುಟ್ಟುವಾಗಲೇ ಓಪಸ್, ಅದೂ ಎಂಪಿ3ಯಂತೆ ಸದ್ದು ಬಿಟ್ಟು ಕುಗ್ಗಿಸುವ ಫಾರ್ಮ್ಯಾಟ್, ಬಿಟ್ಟುಹೋದದ್ದು ಹೋಯಿತು. ಫ್ಲ್ಯಾಕ್ ಮಾಡಿದರೆ ಫೈಲ್ ಊದುತ್ತದೆ, ದನಿ ಅಷ್ಟೇ ಇರುತ್ತದೆ. ನಿಮಗೆ ಆ ಓಪಸ್ ಫೈಲೇ ಮೂಲಪ್ರತಿ. `PTT-20190114-WA0003.opus` ಥರದ ಹೆಸರಿನಲ್ಲೇ ತಾರೀಖು ಇರುತ್ತದೆ, ಅದನ್ನು ಅಳಿಸದೆ ಮುಂದೆ ಏನು ಬೇಕೋ ಸೇರಿಸಿಕೊಳ್ಳಿ.

ಗುರುಪ್ರಸಾದ್: ಜೊತೆಗೊಂದು ವೇವ್ ಪ್ರತಿ ಇದ್ದರೆ ಒಳ್ಳೆಯದು. ಐವತ್ತು ವರ್ಷದ ಮೇಲೆ ಓಪಸ್ ತೆರೆಯುವ ಸಾಫ್ಟ್‌ವೇರ್ ಸಿಗುತ್ತೆ ಅಂತ ಯಾರು ಬರೆದುಕೊಡ್ತಾರೆ?

ರಾಘವೇಂದ್ರ: ಅದು ಬಹಿರಂಗ ಮಾನದಂಡ, 2012ರಿಂದ ಎಲ್ಲರ ಕೈಯಲ್ಲೂ ಇದೆ. ನನಗೆ ಆ ಭಯವಿಲ್ಲ. ಇಟ್ಟುಕೊಂಡರೆ ತೊಂದರೆಯೇನಿಲ್ಲ, ಓಪಸ್ ಅಳಿಸಬಾರದು ಅಷ್ಟೇ.

ಶಶಿಕಲಾ: ಸರ್, ಮೊದಲ ಎರಡು ಕ್ಯಾಸೆಟ್ ಆಗಲೇ 320ರ ಎಂಪಿ3 ಮಾಡಿಬಿಟ್ಟಿದ್ದೇನೆ. ಆಡಾಸಿಟಿ ಪ್ರಾಜೆಕ್ಟ್ ಇನ್ನೂ ಇದೆ.

ರಾಘವೇಂದ್ರ: ಹಾಗಾದರೆ ಕ್ಯಾಸೆಟ್ ಮತ್ತೆ ಓಡಿಸಬೇಡಿ. ಎಂಪಿ3ಯನ್ನು ಒಳಗೆ ತಂದುಕೊಂಡ ಪ್ರಾಜೆಕ್ಟ್ ಅಲ್ಲ, ಡೆಕ್‌ನಿಂದ ರೆಕಾರ್ಡ್ ಮಾಡಿದ್ದೇ ಎಂದು ಖಾತ್ರಿ ಮಾಡಿಕೊಂಡು, ಅದನ್ನೇ 24 ಬಿಟ್ ಫ್ಲ್ಯಾಕ್‌ಗೆ ಎಕ್ಸ್‌ಪೋರ್ಟ್ ಮಾಡಿ. ಅನುಮಾನ ಬಂದರೆ ಟ್ರ್ಯಾಕ್‌ನ ಸ್ಪೆಕ್ಟ್ರೋಗ್ರಾಂ, ಅಂದರೆ ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಚಿತ್ರ, ತೆರೆದು ನೋಡಿ. ಎಂಪಿ3ಯಿಂದ ಬಂದದ್ದಾದರೆ ಹಿಸ್ ಮೇಲ್ಗಡೆ ಒಂದು ಮಟ್ಟದಲ್ಲಿ ಚಾಕುವಿನಿಂದ ಕೊಯ್ದಂತೆ ನಿಂತಿರುತ್ತದೆ. 128ರಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಹತ್ತಿರ, 320ರಲ್ಲಿ 20ರ ಆಸುಪಾಸು. ಟೇಪಿನಿಂದ ನೇರ ಬಂದ ಹಿಸ್ ಮೆಲ್ಲಗೆ ಮಾಸುತ್ತಾ ಹೋಗುತ್ತದೆ.