ಟೀಚಿಂಗ್‌ನಿಂದ ಆಪರೇಷನ್ಸ್‌ಗೆ: ರೆಕ್ರೂಟರ್‌ಗೆ ಕಳಿಸುವ ನೋಟ್‌ನಲ್ಲಿ ಏನಿರಬೇಕು?

ಪ್ರಶ್ನೆ

ತುಮಕೂರಿನ ಖಾಸಗಿ ಹೈಸ್ಕೂಲಿನಲ್ಲಿ 8 ವರ್ಷದಿಂದ ಗಣಿತ ಟೀಚರ್. ಟೈಮ್‌ಟೇಬಲ್ ಮತ್ತು ಪರೀಕ್ಷೆಯ ಉಸ್ತುವಾರಿ ಕೂಡ ನನ್ನದೇ. ಡಾಬಸ್‌ಪೇಟೆ ಕಡೆ ಒಂದು ವೇರ್‌ಹೌಸ್‌ನಲ್ಲಿ ಆಪರೇಷನ್ಸ್ ಎಕ್ಸಿಕ್ಯೂಟಿವ್ ಕೆಲಸ ಇದೆ, ರೆಕ್ರೂಟರ್‌ಗೆ ಸಣ್ಣ ನೋಟ್ ಕಳಿಸಬೇಕು. ‘ತಾಳ್ಮೆ, ಸಂವಹನ, ನಾಯಕತ್ವ’ ಅಂತ ಬರೆದು ಕಳಿಸಿದ್ದಕ್ಕೆಲ್ಲ ಉತ್ತರವೇ ಬರುತ್ತಿಲ್ಲ. ತಿಳಿದವರು ಹೇಳಿ.

ವೇರ್‌ಹೌಸ್ ಶಿಫ್ಟ್ ನೋಡಿಕೊಳ್ಳುವವರು

ಮೇಡಂ, ಆ ಮೂರು ಪದ ಎಲ್ಲ ಅರ್ಜಿಗಳಲ್ಲೂ ಇರುತ್ತವೆ, ಅದಕ್ಕೇ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಈ ಹುದ್ದೆಗೆ ನಾವು ನೋಡುವುದು ಮೂರು ಕೆಲಸ. ಬೆಳಿಗ್ಗೆ ಜನ ಕಡಿಮೆ ಬಂದರೆ ಲೈನ್ ತುಂಬಿಸುವುದು, ಲೆಕ್ಕ ತಾಳೆ ಮಾಡುವುದು, ಹೊತ್ತಿಗೆ ಸರಿಯಾಗಿ ಗಾಡಿ ಬಿಡುವುದು. ಟೈಮ್‌ಟೇಬಲ್ ಮತ್ತು ಪರೀಕ್ಷೆ ನೋಡಿಕೊಂಡವರಿಗೆ ಈ ಮೂರೂ ಗೊತ್ತು. ಆದರೆ ನೋಟ್‌ನಲ್ಲಿ ಅದು ಗುಣವಾಗಿ ಬಂದಿದೆ, ಕೆಲಸವಾಗಿ ಬಂದಿಲ್ಲ.

ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಒಂದು ಕೊಠಡಿಗೆ 30 ಮಕ್ಕಳು, ಇಬ್ಬರು ಗೈರು. 30 ಪ್ರಶ್ನೆಪತ್ರಿಕೆ ಹೋಗಿದೆ, 2 ವಾಪಸ್ ಬರಬೇಕು. ಉತ್ತರಪತ್ರಿಕೆ 28 ಬರಬೇಕು. ಹಾಜರಿ ಹಾಳೆಯ ಸಹಿ, ಬಂಡಲ್ ಮೇಲೆ ಬರೆದ ಸಂಖ್ಯೆ, ಕೈಯಲ್ಲಿ ಎಣಿಸಿದ ಸಂಖ್ಯೆ, ಮೂರೂ ಒಂದೇ ಆಗಬೇಕು. 27 ಬಂದರೆ ಮಕ್ಕಳನ್ನು ಹೊರಗೆ ಬಿಡುವ ಮೊದಲೇ ಹುಡುಕಬೇಕು, ಬಿಟ್ಟ ಮೇಲೆ ಸಿಗುವುದಿಲ್ಲ. ನಮ್ಮಲ್ಲಿ ಡಿಸ್ಪ್ಯಾಚ್ ಅಂದರೆ ಇದೇ. ಲೋಡಿಂಗ್ ಪಟ್ಟಿಯಲ್ಲಿ 120 ಬಾಕ್ಸ್, ಸ್ಕ್ಯಾನರ್‌ನಲ್ಲಿ 118. ಸೀಲ್ ಹಾಕುವ ಮೊದಲು ಆ ಎರಡು ಬಾಕ್ಸ್ ಎಲ್ಲಿ ಅಂತ ನೋಡಬೇಕು. ಗಾಡಿ ಗೇಟ್ ದಾಟಿದ ಮೇಲೆ ಅದು ಗ್ರಾಹಕರ ಕಂಪ್ಲೇಂಟ್ ಆಗುತ್ತದೆ, ಕೊನೆಗೆ ಹಣದ ಜಗಳ ಆಗುತ್ತದೆ.

‘ಪರೀಕ್ಷಾ ಉಸ್ತುವಾರಿ ನೋಡಿದ್ದೇನೆ’ ಅಂತ ಬರೆದರೆ ರೆಕ್ರೂಟರ್‌ಗೆ ಇದು ಯಾವುದೂ ಕಾಣುವುದಿಲ್ಲ. ಎಷ್ಟು ಮಕ್ಕಳು, ಎಷ್ಟು ಕೊಠಡಿ, ಎಣಿಕೆ ಯಾವ ಹಂತದಲ್ಲಿ, ಹೆಚ್ಚುಕಮ್ಮಿ ಬಂದರೆ ಏನು ಮಾಡುತ್ತೀರಿ, ಇಷ್ಟು ಬರೆಯಿರಿ. ನಿಮ್ಮ ಶಾಲೆಯ ಅಂಕಿ ಇಲ್ಲಿ ಹಾಕಿ, ಕೂತು ಒಂದು ಕರಡು ಮಾಡೋಣ. ನೆನಪಿನಿಂದ ಬೇಡ, ರಿಜಿಸ್ಟರ್ ನೋಡಿ ಹಾಕಿ. ಇಂಟರ್‌ವ್ಯೂನಲ್ಲಿ ಮೊದಲು ಕೆದಕುವುದು ಆ ಅಂಕಿಯನ್ನೇ.

ಮಾರಾಟ ವಿಭಾಗದಲ್ಲಿರುವವರು

ನನ್ನ ಕೇಳಿದರೆ ಶಾಲೆ ಅನ್ನುವ ಮಾತೇ ತೆಗೆದುಬಿಡಿ. ಟೀಚರ್ ಅಂತ ಕಂಡ ಕೂಡಲೇ ಪಕ್ಕಕ್ಕಿಡುತ್ತಾರೆ. 45 ಮಕ್ಕಳ ಕ್ಲಾಸ್ ಅಂದರೆ 45 ಜನರ ಟೀಮ್, ‘ಟೀಮ್ ಹ್ಯಾಂಡ್ಲಿಂಗ್ 45’ ಅಂತ ಹಾಕಿ. ಇನ್ನೊಂದು, ಜಾಹೀರಾತಿನಲ್ಲಿ ಇರುವ ಪದಗಳನ್ನೇ ನೋಟ್‌ನಲ್ಲೂ ರೆಸ್ಯೂಮೆಯಲ್ಲೂ ಬಳಸಿ. ಅವರು ‘ರೋಸ್ಟರ್’ ಅಂದಿದ್ದರೆ ನೀವೂ ರೋಸ್ಟರ್ ಅನ್ನಿ, ಟೈಮ್‌ಟೇಬಲ್ ಅಂತ ಮಾತ್ರ ಬರೆದರೆ ಪೋರ್ಟಲ್‌ನಲ್ಲಿ ಹುಡುಕುವಾಗ ನಿಮ್ಮ ಹೆಸರು ಬರುವುದೇ ಇಲ್ಲ.

ಎಚ್‌ಆರ್‌ನಲ್ಲಿರುವವರು

ಜಾಹೀರಾತಿನ ಪದ ಬಳಸಿ ಅಂದದ್ದು ಸರಿ ಸರ್. 45 ಮಕ್ಕಳನ್ನು ಟೀಮ್ ಮಾಡುವುದು ಮಾತ್ರ ಬೇಡ. ಇಂಟರ್‌ವ್ಯೂನಲ್ಲಿ ಮುಂದಿನ ಪ್ರಶ್ನೆಯೇ ‘ನಿಮಗೆ ಎಷ್ಟು ಜನ ರಿಪೋರ್ಟ್ ಮಾಡುತ್ತಿದ್ದರು, ರಜೆ ಯಾರು ಮಂಜೂರು ಮಾಡುತ್ತಿದ್ದರು’. ಅಲ್ಲಿಗೆ ಮಾತು ನಿಲ್ಲುತ್ತದೆ. ದೊಡ್ಡವರ ಜೊತೆ ಮಾಡಿದ ಕೆಲಸ ಅವರ ಹತ್ತಿರ ಇದೆಯಲ್ಲ, ಸಹೋದ್ಯೋಗಿಗಳಿಗೆ ಪೀರಿಯಡ್ ಹಂಚಿದ್ದು. ಅವರ ಮೇಲೆ ಅಧಿಕಾರ ಇಲ್ಲದಿದ್ದರೂ ಒಪ್ಪಿಸಿ ಕೆಲಸ ಮಾಡಿಸಿದ್ದು 45ಕ್ಕಿಂತ ಹೆಚ್ಚು ತೂಗುತ್ತದೆ.

ಶಾಲೆಯ ಹೆಸರು ಮುಚ್ಚಿಡುವುದೂ ಆಗದ ಮಾತು. ಪಿಎಫ್ ಇದ್ದರೆ ಸೇವಾ ವಿವರದಲ್ಲಿ ಸಂಸ್ಥೆಯ ಹೆಸರು ಕಾಣುತ್ತದೆ, ಹಿನ್ನೆಲೆ ಪರಿಶೀಲನೆಯಲ್ಲಿ ಅದನ್ನು ನೋಡುತ್ತಾರೆ. ಮುಚ್ಚಿಟ್ಟಿದ್ದು ಅಂತ ಒಮ್ಮೆ ಅನ್ನಿಸಿದರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ರಿಜಿಸ್ಟರ್ ನೋಡಿ ಹಾಕುತ್ತಿದ್ದೇನೆ. 20 ಸೆಕ್ಷನ್, 34 ಟೀಚರ್‌ಗಳು, ದಿನಕ್ಕೆ 8 ಪೀರಿಯಡ್. ಸಾಮಾನ್ಯವಾಗಿ 2ರಿಂದ 4 ಜನ ರಜೆ. 9:10ಕ್ಕೆ ಪ್ರಾರ್ಥನೆ, 9:25ಕ್ಕೆ ಮೊದಲ ಪೀರಿಯಡ್, ಅಷ್ಟರೊಳಗೆ ಬದಲಿ ಪಟ್ಟಿ ಸ್ಟಾಫ್‌ರೂಮಿನ ಬೋರ್ಡ್ ಮೇಲಿರಬೇಕು. ಅರ್ಧವಾರ್ಷಿಕ ಪರೀಕ್ಷೆಗೆ 620 ಮಕ್ಕಳು, 21 ಕೊಠಡಿ. ಎಕ್ಸೆಲ್ ಬರುತ್ತದೆ, ಬದಲಿ ಪೀರಿಯಡ್ ಲೆಕ್ಕ ಅದರಲ್ಲೇ ಇಡುತ್ತೇನೆ.

ವೇರ್‌ಹೌಸ್ ಶಿಫ್ಟ್ ನೋಡಿಕೊಳ್ಳುವವರು

ಇದರಲ್ಲಿ ನಿಮ್ಮ ಕಣ್ಣಿಗೇ ಬೀಳದ ಒಂದು ಅಂಕಿ ಅಡಗಿದೆ. 20 ಸೆಕ್ಷನ್‌ಗೆ 8 ಪೀರಿಯಡ್ ಅಂದರೆ ದಿನಕ್ಕೆ 160 ಪೀರಿಯಡ್. 34 ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಐದಕ್ಕೆ ಸ್ವಲ್ಪ ಕಡಿಮೆ. ಮೂವರು ರಜೆ ಹಾಕಿದ ದಿನ ಸುಮಾರು 14 ಪೀರಿಯಡ್ ಖಾಲಿ. ಆ ಹೊತ್ತಿಗೆ ಯಾರು ಬಿಡುವಾಗಿದ್ದಾರೆ, ನಿನ್ನೆ ಯಾರಿಗೆ ಹೆಚ್ಚು ಬಿದ್ದಿತ್ತು ಅಂತ ನೋಡಿ 15 ನಿಮಿಷದಲ್ಲಿ ಅಷ್ಟನ್ನೂ ತುಂಬಿಸುತ್ತೀರಿ. ನಮ್ಮಲ್ಲಿ ಆರ್ಡರ್‌ಗೆ ತಕ್ಕ ಸರಕು ಆರಿಸಿ ತೆಗೆಯುವ 60 ಪಿಕರ್‌ಗಳಲ್ಲಿ 6 ಜನ ಬಾರದ ಬೆಳಿಗ್ಗೆ ಶಿಫ್ಟ್ ಲೀಡ್ ಮಾಡುವುದೂ ಇದನ್ನೇ.

ಎಡವುವುದೂ ಒಂದೇ ಜಾಗದಲ್ಲಿ. ಆಗಲ್ಲ ಅನ್ನದವರ ಮೇಲೆಯೇ ಮತ್ತೆ ಮತ್ತೆ ಹೊರೆ ಬೀಳುತ್ತದೆ, ಕೆಲವು ವಾರದಲ್ಲಿ ಅವರೂ ರಜೆ ಹಾಕಲು ಶುರು ಮಾಡುತ್ತಾರೆ. ಯಾರಿಗೆ ಎಷ್ಟು ಬಿತ್ತು ಅನ್ನುವ ಎಣಿಕೆ ನೀವು ಇಟ್ಟಿದ್ದರೆ ಅದನ್ನು ತಪ್ಪದೆ ಬರೆಯಿರಿ. ಹಾಳೆಯಲ್ಲಿ ಬದಲಿ ಹೋದವರ ಹೆಸರು D ಕಾಲಮ್‌ನಲ್ಲಿ, ಟೀಚರ್‌ಗಳ ಪಟ್ಟಿ G ಕಾಲಮ್‌ನಲ್ಲಿ ಇದೆ ಅಂದುಕೊಳ್ಳಿ, ಇಷ್ಟು ಸಾಕು:

```
=COUNTIF($D$2:$D$500,G2)
```

ಒಂದೇ ಹೆಸರನ್ನು ಒಂದು ಕಡೆ ಇನಿಷಿಯಲ್ ಸೇರಿಸಿ, ಇನ್ನೊಂದು ಕಡೆ ಬಿಟ್ಟು ಬರೆದಿದ್ದರೆ ಎಣಿಕೆ ಕಡಿಮೆ ತೋರಿಸುತ್ತದೆ. ಡ್ರಾಪ್‌ಡೌನ್ ಇಟ್ಟರೆ ಆ ತೊಂದರೆ ಇಲ್ಲ. ‘ಎಕ್ಸೆಲ್ ಬರುತ್ತದೆ’ ಅನ್ನುವ ಬದಲು ಈ ಹಾಳೆಯಿಂದ ಏನು ತೀರ್ಮಾನ ಮಾಡಿದಿರಿ ಅಂತ ಬರೆಯಿರಿ.

ಕರಡು ಹೀಗಿರಲಿ. ಕಳಿಸುವಾಗ ಇಂಗ್ಲಿಷಿಗೆ ಹಾಕಿಕೊಳ್ಳಿ, ಉದ್ದ ಇದಕ್ಕಿಂತ ಹೆಚ್ಚು ಬೇಡ:

> ನಮಸ್ಕಾರ. ಡಾಬಸ್‌ಪೇಟೆ ವೇರ್‌ಹೌಸ್‌ನ ಆಪರೇಷನ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ ಹಾಕಿದ್ದೇನೆ. 8 ವರ್ಷದಿಂದ ಹೈಸ್ಕೂಲ್ ಗಣಿತ ಶಿಕ್ಷಕಿ, ಜೊತೆಗೆ ಶಾಲೆಯ ರೋಸ್ಟರ್ ಮತ್ತು ಪರೀಕ್ಷಾ ವ್ಯವಸ್ಥೆಯ ಹೊಣೆ ನನ್ನದು.
>
> 34 ಸಿಬ್ಬಂದಿಯ, ದಿನಕ್ಕೆ 160 ಪೀರಿಯಡ್‌ಗಳ ರೋಸ್ಟರ್ ಮಾಡುತ್ತೇನೆ. ಮೂವರು ಗೈರಾದ ದಿನ ಸುಮಾರು 14 ಪೀರಿಯಡ್‌ಗಳಿಗೆ 15 ನಿಮಿಷದಲ್ಲಿ ಬದಲಿ ಹಾಕುತ್ತೇನೆ. ಹೊರೆ ಒಬ್ಬರ ಮೇಲೆಯೇ ಬೀಳದಂತೆ ಎಕ್ಸೆಲ್‌ನಲ್ಲಿ ಎಣಿಕೆ ಇಡುತ್ತೇನೆ.
>
> 620 ವಿದ್ಯಾರ್ಥಿಗಳ, 21 ಕೊಠಡಿಗಳ ಪರೀಕ್ಷೆಯಲ್ಲಿ ಹಾಜರಿ, ಪ್ರಶ್ನೆಪತ್ರಿಕೆ, ಉತ್ತರಪತ್ರಿಕೆ ಮೂರನ್ನೂ ಕೊಠಡಿಯಲ್ಲೇ ತಾಳೆ ಮಾಡಿಸುತ್ತೇನೆ. ವ್ಯತ್ಯಾಸ ಬಗೆಹರಿಯದೆ ಬಂಡಲ್ ಸೀಲ್ ಆಗುವುದಿಲ್ಲ.
>
> ವೇರ್‌ಹೌಸ್ ಸಾಫ್ಟ್‌ವೇರ್ ಬಳಸಿ ಅಭ್ಯಾಸವಿಲ್ಲ. ಶಿಫ್ಟ್‌ನಲ್ಲಿ ಕೆಲಸ ಮಾಡಲು ಸಿದ್ಧ. ನೋಟಿಸ್ ಅವಧಿ: ____. ಈ ವಾರ 10 ನಿಮಿಷ ಫೋನ್‌ನಲ್ಲಿ ಮಾತನಾಡಲು ಸಾಧ್ಯವೇ?

ಸಾಫ್ಟ್‌ವೇರ್ ಗೊತ್ತಿಲ್ಲ ಅನ್ನುವ ಸಾಲನ್ನು ಬೇಕಂತಲೇ ಇಟ್ಟಿದ್ದೇನೆ. ಸ್ಕ್ಯಾನರ್ ಹಿಡಿಯುವುದನ್ನು ಬೇಗ ಕಲಿಸಬಹುದು. ಲೆಕ್ಕ ತಪ್ಪಿದಾಗ ನಿಂತು ಹುಡುಕುವ ಅಭ್ಯಾಸ ಹಾಗೆ ಕಲಿಸಲು ಬರುವುದಿಲ್ಲ.

ಇನ್ನೊಬ್ಬ ಶಿಕ್ಷಕಿ

ಟ್ರೈನಿಂಗ್ ಕೆಲಸ ನೋಡಬಹುದಲ್ವಾ ಅಕ್ಕ? ಎಡ್‌ಟೆಕ್ ಕಂಪನಿಗಳಲ್ಲಿ ಟೀಚರ್‌ಗಳನ್ನೇ ಕೇಳುತ್ತಾರೆ, ಡೆಮೊ ಕ್ಲಾಸಿನ ವಿಡಿಯೊ ಕಳಿಸಿದರೆ ಸಾಕು.

ಎಚ್‌ಆರ್‌ನಲ್ಲಿರುವವರು

ಅವರು ನೋಡುತ್ತಿರುವುದು ವೇರ್‌ಹೌಸ್ ಕೆಲಸ, ಅದಕ್ಕೆ ಡೆಮೊ ವಿಡಿಯೊ ಉಪಯೋಗಕ್ಕೆ ಬರುವುದಿಲ್ಲ. ಪಾಠ ಮಾಡಿದ ಅನುಭವಕ್ಕೆ ಇಲ್ಲೂ ಒಂದು ಜಾಗ ಇದೆ. ಹೊಸ ಪಿಕರ್‌ಗಳು ಬಂದಾಗ ಕೆಲಸ ತೋರಿಸಿಕೊಡಬೇಕು, ಯಾರಿಗೆ ಅರ್ಥವಾಗಿಲ್ಲ ಅಂತ ಮುಖ ನೋಡಿ ತಿಳಿಯಬೇಕು. ಅದು ನೋಟ್‌ಗೆ ಬೇಡ, ಮಾತಿಗೆ ಕೂತಾಗ ಹೇಳಿ.

ಅನುದಾನಿತ ಶಾಲೆಯವರು

ನಂದೂ ಇದೇ ಯೋಚನೆ, ಆದರೆ ನನ್ನ ಹತ್ತಿರ ಟೈಮ್‌ಟೇಬಲ್ ಕೆಲಸ ಇಲ್ಲ. ನಮ್ಮದು ಹಿರಿಯ ಪ್ರಾಥಮಿಕ ಶಾಲೆ, ಬಿಸಿಯೂಟದ ದಾಸ್ತಾನು ನೋಡಿಕೊಳ್ಳುತ್ತೇನೆ. ಅದನ್ನೆಲ್ಲ ಬರೆದರೆ ಅಡುಗೆ ಕೆಲಸ ಅಂದುಕೊಳ್ಳುವುದಿಲ್ಲವಾ?

ವೇರ್‌ಹೌಸ್ ಶಿಫ್ಟ್ ನೋಡಿಕೊಳ್ಳುವವರು

ಇಲ್ಲ ಸರ್, ಅದು ನೇರವಾಗಿ ಸ್ಟಾಕ್ ಕೆಲಸ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ಕ್ಕೆ 150 ಗ್ರಾಂ. 6ರಿಂದ 8ರಲ್ಲಿ ಇವತ್ತು 164 ಮಕ್ಕಳು ಉಂಡರೆ 24.6 ಕೆಜಿ ಖರ್ಚು. ಅವರ ಲೆಕ್ಕದ ಅಕ್ಕಿ ಬೆಳಿಗ್ಗೆ 212 ಕೆಜಿ ಇದ್ದರೆ ಸಂಜೆ ಪುಸ್ತಕದಲ್ಲಿ 187.4 ಉಳಿಯಬೇಕು. ತೂಗಿದಾಗ 184 ಬಂದರೆ ಆ 3.4 ಕೆಜಿ ಎಲ್ಲಿ ಹೋಯಿತು? ಗೋಣಿಚೀಲದ ತೂಕ ಕಳೆಯದೆ ಬರೆದುಕೊಂಡಿದ್ದಾರಾ, ಹಾಜರಿ ತೆಗೆದ ಮೇಲೆ ತಡವಾಗಿ ಬಂದ ಮಕ್ಕಳನ್ನು ಸೇರಿಸಿಲ್ಲವಾ, ಅಡುಗೆಯವರು ಅಳತೆಯ ಡಬ್ಬ ಬದಲಿಸಿದ್ದಾರಾ? ವೇರ್‌ಹೌಸ್‌ನಲ್ಲಿ ಸೈಕಲ್ ಕೌಂಟ್, ಅಂದರೆ ದಾಸ್ತಾನನ್ನು ಆಗಾಗ ಸ್ವಲ್ಪ ಸ್ವಲ್ಪವಾಗಿ ಎಣಿಸುವ ಕೆಲಸ, ಮಾಡಿದಾಗಲೂ ಇದೇ ಪ್ರಶ್ನೆಗಳು. ‘ಬಿಸಿಯೂಟ ನೋಡಿಕೊಂಡೆ’ ಅನ್ನಬೇಡಿ. ‘ದಿನದ ಬಳಕೆ, ಪುಸ್ತಕದ ದಾಸ್ತಾನು, ತೂಗಿದ ದಾಸ್ತಾನು ತಾಳೆ ಮಾಡಿ ವ್ಯತ್ಯಾಸದ ಕಾರಣ ಬರೆದಿಡುತ್ತೇನೆ’ ಅನ್ನಿ. ಎಷ್ಟು ದಿನಕ್ಕೊಮ್ಮೆ ತೂಗುತ್ತೀರಿ ಅನ್ನುವುದನ್ನೂ ಇದ್ದದ್ದು ಇದ್ದ ಹಾಗೆ ಸೇರಿಸಿ.

ಎಚ್‌ಆರ್‌ನಲ್ಲಿರುವವರು

ಇಬ್ಬರಿಗೂ ಒಂದು ಎಚ್ಚರಿಕೆ. ಪುರಾವೆ ಅಂತ ಹಾಜರಿ ಪುಸ್ತಕದ ಫೋಟೊ, ಅಂಕಪಟ್ಟಿ, ಎಸ್‌ಎಟಿಎಸ್ ಪರದೆಯ ಸ್ಕ್ರೀನ್‌ಶಾಟ್ ಕಳಿಸಬೇಡಿ. ಅದರಲ್ಲಿ ಮಕ್ಕಳ ಹೆಸರು, ವಿವರ ಇರುತ್ತದೆ. ಅದನ್ನು ಕಂಡರೆ ‘ನಮ್ಮ ಕಂಪನಿಯ ಡೇಟಾ ಕೂಡ ಹೀಗೇ ಹೊರಗೆ ಹೋಗುತ್ತದೆ’ ಅಂತ ಅನ್ನಿಸುತ್ತದೆ. ತೋರಿಸಲೇಬೇಕಿದ್ದರೆ ಟೀಚರ್ 1, ಟೀಚರ್ 2 ಅಂತ ಹಾಕಿ ಖಾಲಿ ಮಾದರಿ ಹಾಳೆ ಮಾಡಿಕೊಳ್ಳಿ.

ಕೇಳಿದವರು

ಕೊನೆಯದೊಂದು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವವರೆಗೆ ಬಿಡಲ್ಲ ಅಂತಾರೆ ಶಾಲೆಯವರು. ಅದನ್ನು ನೋಟ್‌ನಲ್ಲೇ ಬರೆಯಬೇಕಾ?

ಮಾರಾಟ ವಿಭಾಗದಲ್ಲಿರುವವರು

ಬರೆಯಬೇಡಿ ಮೇಡಂ, ಮೊದಲು ಕಾಲ್ ಬರಲಿ. ಅವರಿಗೆ ನೀವು ಇಷ್ಟವಾದರೆ ಕಾಯುತ್ತಾರೆ.

ಎಚ್‌ಆರ್‌ನಲ್ಲಿರುವವರು

ನಾನು ಒಪ್ಪುವುದಿಲ್ಲ. ಇಂತಹ ಹುದ್ದೆ ತುಂಬಲು ರೆಕ್ರೂಟರ್‌ಗೆ ಗಡುವು ಇರುತ್ತದೆ, ಎರಡನೇ ಸುತ್ತಿನಲ್ಲಿ ಹೇಳಿದರೆ ಇಬ್ಬರ ಸಮಯವೂ ಹಾಳು. ಮೊದಲು ನೇಮಕಾತಿ ಪತ್ರ ತೆಗೆದು ನೋಟಿಸ್ ಎಷ್ಟು ದಿನ ಅಂತ ಓದಿ. ಬಾಯಿಮಾತಿನಲ್ಲಿ ‘ಬಿಡಲ್ಲ’ ಅಂದದ್ದು ಬೇರೆ, ಪತ್ರದಲ್ಲಿರುವುದು ಬೇರೆ. ಹತ್ತನೇ ತರಗತಿ ಮಕ್ಕಳನ್ನು ನಡುವೆ ಬಿಡಲು ನಿಮಗೇ ಮನಸ್ಸಿಲ್ಲದಿದ್ದರೆ ಆ ದಿನಾಂಕವನ್ನೇ ಹಾಕಿ, ಆ ಹೊತ್ತಿಗೆ ತೆರೆಯುವ ಹುದ್ದೆಗೆ ನಿಮ್ಮನ್ನು ನೆನಪಿಟ್ಟುಕೊಳ್ಳಲಿ.

ವೇರ್‌ಹೌಸ್ ಶಿಫ್ಟ್ ನೋಡಿಕೊಳ್ಳುವವರು

ಕೆಲವು ಕಡೆ ಒಂದು ತಿಂಗಳು ಕಾಯುತ್ತಾರೆ, ಹಬ್ಬದ ಸೀಸನ್ ಎದುರಿಗಿದ್ದರೆ ಒಂದು ವಾರವೂ ಕಾಯುವುದಿಲ್ಲ. ನಿರ್ಧಾರ ನಿಮ್ಮದು. ಫೋನ್ ಬಂದಾಗ ಒಂದು ಮಾತು ಕೇಳಿಕೊಳ್ಳಿ: ರಾತ್ರಿ ಶಿಫ್ಟ್ ಮುಗಿದಾಗ ಕಂಪನಿ ಬಸ್ ತುಮಕೂರಿನವರೆಗೆ ಬರುತ್ತದಾ, ಇಲ್ಲ ಹೈವೇಯಲ್ಲೇ ಇಳಿಸುತ್ತಾರಾ?